ಮೇಷ್ಟ್ರ ಸನ್ಮಾನ ಪತ್ರ: ಬರೆದದ್ದು, ಓದಿದ್ದು

ನಿವೃತ್ತ ಗಣಿತ ಮೇಷ್ಟ್ರೊಬ್ಬರಿಗೆ ಜೀವಮಾನ ಸಾಧನೆ ಪ್ರಶಸ್ತಿ. ಅವರ ಸನ್ಮಾನ ಪತ್ರ ಬರೆದು ವೇದಿಕೆಯಲ್ಲಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಕೈಗೆ ಸಿಕ್ಕಿದ್ದು ಪರಿಚಯದ ಒಂದು ಹಾಳೆ: ಹುಟ್ಟಿದ ವರ್ಷ, ಓದು, ಕೆಲಸ ಮಾಡಿದ ಶಾಲೆಗಳು. ಇದನ್ನೇ ಓದಿದರೆ ಎರಡನೇ ಶಾಲೆಯ ಹೆಸರು ಬರುವಷ್ಟರಲ್ಲಿ ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ‘ಶಿಷ್ಯವತ್ಸಲ’, ‘ಜ್ಞಾನದಾಸೋಹಿ’ ಅಂತ ಸೇರಿಸಿದರೂ ಅಷ್ಟೇ. ಅವು ಯಾವ ಮೇಷ್ಟ್ರಿಗಾದರೂ ಒಪ್ಪುವ ಮಾತು, ಅಲ್ವಾ?

ಹಳೆ ವಿದ್ಯಾರ್ಥಿಗಳಿಗೆ ಫೋನ್ ಮಾಡಿದೆ. ‘ಮೇಷ್ಟ್ರು ಹೇಗೆ?’ ಅಂದರೆ ‘ತುಂಬಾ ಒಳ್ಳೆಯವರು’ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ನೀವು ಲೆಕ್ಕ ತಪ್ಪಿದಾಗ ಏನು ಮಾಡ್ತಿದ್ರು?’ ಎಂದು ಕೇಳಿದಾಗ ವಿಷಯ ಹೊರಬಂತು. ಅವರು ತಪ್ಪು ಲೆಕ್ಕಕ್ಕೆ ಗೀಟು ಎಳೆಯುತ್ತಿರಲಿಲ್ಲ. ತಪ್ಪು ಶುರುವಾದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟು ನೋಟ್‌ಬುಕ್ ವಾಪಸ್ ಕೊಡುತ್ತಿದ್ದರು. ಅಲ್ಲಿಂದ ಮುಂದಕ್ಕೆ ಮಕ್ಕಳೇ ಮತ್ತೆ ಮಾಡಬೇಕು. ಬೇರೆ ಬೇರೆ ಬ್ಯಾಚಿನವರೂ ಇದನ್ನೇ ಹೇಳಿದರು. ಪತ್ರದ ನಡುವೆ ಈ ಚುಕ್ಕೆಯೇ ಇರಲಿ ಎಂದುಕೊಂಡೆ. ಮೇಷ್ಟ್ರು ಒಬ್ಬ ಹುಡುಗನ ಫೀಸು ಕಟ್ಟಿದ ಸಂಗತಿಯೂ ಸಿಕ್ಕಿತ್ತು. ಅದನ್ನು ಬಿಟ್ಟೆ. ಆತ ಅದೇ ಸಭೆಯಲ್ಲಿ ಕೂತಿರಬಹುದು, ತನ್ನ ಬಡತನದ ಕಥೆ ಮೈಕಿನಲ್ಲಿ ಕೇಳಬೇಕಾಗುತ್ತದೆ.

ಮೊದಲ ಕರಡಿನಲ್ಲಿ ‘ಸೇವೆಗೆ ಸೇರಿ, ವಿವಿಧ ಶಾಲೆಗಳಲ್ಲಿ ಕಾರ್ಯನಿರ್ವಹಿಸಿ, ಅಸಂಖ್ಯ ವಿದ್ಯಾರ್ಥಿಗಳ ಬಾಳು ಬೆಳಗಿ ನಿವೃತ್ತರಾದ ತಾವು’ ಎಂದಿತ್ತು. ಕಣ್ಣಿಗೆ ಚೆನ್ನಾಗಿದೆ. ಬಾಯಿಬಿಟ್ಟು ಓದಿದರೆ ಉಸಿರು ಸಾಲದು, ಯಾರ ಬಗ್ಗೆ ಅನ್ನೋದು ಗೊತ್ತಾಗೋದು ಕೊನೆಯಲ್ಲಿ. ಅದನ್ನು ಒಡೆದೆ: ‘ತಾವು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಣಿತ ಕಲಿಸಿದಿರಿ. ನಮ್ಮ ತಪ್ಪಿಗೆ ಗೀಟು ಎಳೆಯಲಿಲ್ಲ. ಒಂದು ಚುಕ್ಕೆ ಇಟ್ಟಿರಿ.’

ಫ್ರೇಮಿಗೆ ಹಾಕುವ ಪ್ರತಿ ಬೇರೆ, ಓದುವ ಪ್ರತಿ ಬೇರೆ ಮಾಡಿದೆ. ಇಸವಿ, ಶಾಲೆಗಳ ಹೆಸರು ಫ್ರೇಮಿಗೆ ಹೋದವು. ಅಚ್ಚಿಗೆ ಕೊಡುವ ಮೊದಲು ಮೇಷ್ಟ್ರ ಮನೆಯವರಿಗೆ ತೋರಿಸಿ ಇನಿಷಿಯಲ್‌ವರೆಗೂ ಸರಿಯಿದೆಯಾ ಎಂದು ನೋಡಿಸಿದೆ. ಓದುವ ಪ್ರತಿಯನ್ನು ಗಡಿಯಾರ ಇಟ್ಟುಕೊಂಡು ಮೂರು ನಿಮಿಷಕ್ಕೆ ಇಳಿಸಿದೆ. ದೊಡ್ಡ ಅಕ್ಷರ, ಹಾಳೆಯ ಒಂದೇ ಬದಿ, ಒಂದು ವಾಕ್ಯ ಎರಡು ಹಾಳೆಗೆ ಹಂಚಿಹೋಗದ ಹಾಗೆ.

ಓದುವಾಗ ಮೇಷ್ಟ್ರು ಕೂತೇ ಇರಲಿ ಎಂದು ಆಯೋಜಕರಿಗೆ ಮೊದಲೇ ಹೇಳಿದ್ದೆ. ಹಿರಿಯರನ್ನು ಶಾಲು ಹೊದಿಸಿ, ಹಾರದ ಭಾರದಲ್ಲಿ ಅಷ್ಟು ಹೊತ್ತು ನಿಲ್ಲಿಸಬಾರದು. ಪ್ರಶಸ್ತಿಯ ಹೆಸರು ಮತ್ತು ಅವರ ಪೂರ್ತಿ ಹೆಸರನ್ನು ಕಟ್ಟಕಡೆಯ ವಾಕ್ಯಕ್ಕೆ ಉಳಿಸಿದ್ದೆ. ಹೆಸರು ಕೇಳಿದ ತಕ್ಷಣ ಚಪ್ಪಾಳೆ ಬೀಳುತ್ತದೆ, ಅದು ನಡುವೆ ಬಂದರೆ ಮುಂದಿನ ಸಾಲು ಮುಳುಗಿಹೋಗುತ್ತದೆ. ಚುಕ್ಕೆಯ ಸಾಲು ಬಂದಾಗ ಹಿಂದಿನ ಸಾಲುಗಳಿಂದ ‘ಹೌದು ಸಾರ್’ ಅಂತ ಕೂಗಿದರು. ಅವರು ಸುಮ್ಮನಾಗುವವರೆಗೆ ಕಾದು ಮುಂದೆ ಓದಿದೆ.