ತೊಟ್ಟಿಲ ಹಾಡು ಇಂಗ್ಲಿಷಿಗೆ: ಮೊದಲು ತೂಗಿ, ಆಮೇಲೆ ಬರೆಯಿರಿ

ಆಡಿ ಬಾ ನನ ಕಂದ ಅಂಗಾಲ ತೊಳೆದೇನ
ತೆಂಗಿನ ಕಾಯಿ ತಿಳಿನೀರ ತಕ್ಕೊಂಡು
ಬಂಗಾರ ಮೋರೆ ತೊಳೆದೇನ

ಈ ಜನಪದ ತ್ರಿಪದಿಯನ್ನೇ ಇಂಗ್ಲಿಷಿಗೆ ತರೋಣ. ನಿಘಂಟು ಆಮೇಲೆ. ಮೊದಲು ತೊಟ್ಟಿಲು ತೂಗುವ ಹಾಗೆ ಕೈಯಾಡಿಸುತ್ತ ಹಾಡಿ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ತೂಗು, ಕೊನೆಯದಕ್ಕೆ ಮೂರೇ. ತ್ರಿಪದಿಯ 11 ಗಣಗಳು ಹಂಚಿಕೊಂಡಿರುವುದೇ ಹೀಗೆ. ಆರನೆಯ ಮತ್ತು ಹತ್ತನೆಯ ಗಣಗಳು (ಇಲ್ಲಿ ‘ಕಾಯಿ’, ‘ಮೋರೆ’) ಚಿಕ್ಕವು. ಅಲ್ಲಿ ದನಿ ಎಳೆದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಮಾತ್ರೆ ಎಣಿಸಿ ಪ್ರಯೋಜನವಿಲ್ಲ, ಆ ಭಾಷೆ ನಡೆಯುವುದು ಒತ್ತಿನ ಮೇಲೆ. ಹಾಗಾಗಿ ಸಾಲಿಗೆ ನಾಲ್ಕು, ನಾಲ್ಕು, ಮೂರು ಒತ್ತು ಬಂದರೆ ತೂಗು ಉಳಿಯಿತೆಂದು ತಿಳಿಯಿರಿ.

ಮುಂದಿನದು ಪ್ರಾಸ. ಮೊದಲ ಸಾಲಿನ ನಡುವೆ ಬರುವ ಅಂಗಾಲು, ಮುಂದಿನೆರಡು ಸಾಲುಗಳ ಮೊದಲಿಗೆ ಬರುವ ತೆಂಗು, ಬಂಗಾರ ಮೂರರಲ್ಲೂ ಎರಡನೆಯ ಅಕ್ಷರ ‘ಗ’, ಅದರ ಹಿಂದೊಂದು ಅನುಸ್ವಾರ. ಈ ಆದಿಪ್ರಾಸ ಇಂಗ್ಲಿಷ್ ಕಿವಿಗೆ ಪ್ರಾಸವೆಂದೇ ಅನ್ನಿಸದು. ಅದೇ ಸದ್ದಿಗಾಗಿ ಹಟ ಹಿಡಿಯಬೇಡಿ. ಮೂರೂ ಸಾಲುಗಳನ್ನು ಪೋಣಿಸುವ ಬೇರೊಂದು ಸದ್ದು ಹುಡುಕಿ. ಕೋಕನಟ್ ಮತ್ತು ಗೋಲ್ಡ್ ಹೇಗೂ ಬೇಕು, ಎರಡರಲ್ಲೂ ದೀರ್ಘ ‘ಓ’ ಇದೆ. ಅದನ್ನೇ ಹಿಡಿಯೋಣ.

ಈಗ ‘ಅಂಗಾಲು’. ‘ಫೀಟ್’ ಎಂದರೆ ಕೊನೆಯ ‘ಟ್’ ತೂಗನ್ನು ತಟ್ಟನೆ ನಿಲ್ಲಿಸುತ್ತದೆ. ಕನ್ನಡದ ಸಾಲು ಸ್ವರದಲ್ಲಿ ಮುಗಿದು ದನಿಯನ್ನು ತೇಲಿಬಿಡುತ್ತದೆ, ಇಂಗ್ಲಿಷಿನ ಟ, ಕ, ಪ ಬಾಯಿ ಮುಚ್ಚಿಸುತ್ತವೆ. ‘ಸೋಲ್ಸ್’ ಅರ್ಥಕ್ಕೆ ಸರಿ, ಆದರೆ ಹಾಡಿದಾಗ ‘ಆತ್ಮಗಳು’ ಎಂದೂ ಕೇಳುತ್ತದೆ. ಓದುವ ಕವಿತೆಯಾಗಿದ್ದರೆ ನಡೆಯುತ್ತಿತ್ತು, ಲಾಲಿಗೆ ಸಲ್ಲದು. ‘ಟೋಸ್’ ಬರಲಿ. ಅಂಗಾಲು ಬೆರಳಾಯಿತು, ನಿಜ. ಮಗುವಿನ ಪಾದ ತೊಳೆಯುವ ಮುದ್ದು ಹೋಗಲಿಲ್ಲ.

ಪ್ಲೇ ಆ್ಯಂಡ್ ಕಮ್ ಹೋಮ್, ಐಲ್ ವಾಶ್ ಯುವರ್ ಟೋಸ್,
ಕೋಕನಟ್ ವಾಟರ್, ಕ್ಲಿಯರ್ ಆ್ಯಸ್ ಇಟ್ ಫ್ಲೋಸ್,
ದೆನ್ ವಾಶ್ ಯುವರ್ ಫೇಸ್, ಮೈ ಗೋಲ್ಡ್.

‘ಕಂದ’ನಿಗೆ ಮೊದಲ ಸಾಲಿನಲ್ಲಿ ಜಾಗ ಸಿಗಲಿಲ್ಲ. ಅದರ ಬದಲು ಬಂಗಾರವೇ ಮಗುವನ್ನು ಕರೆಯುವ ಮಾತಾಗಿ ಕೊನೆಗೆ ಬಂದಿದೆ. ನಮ್ಮ ಮನೆಗಳಲ್ಲೂ ಮಗುವನ್ನು ಹಾಗೆ ಕರೆಯುತ್ತೇವಲ್ಲ. ‘ತೊಳೆದೇನ’ ಎರಡು ಸಲ ಬರುವುದು ಲಾಲಿಯ ಜೀವ, ಆದ್ದರಿಂದ ‘ವಾಶ್’ ಕೂಡ ಎರಡು ಸಲ ಉಳಿಯಲೇಬೇಕು. ಬೇಸರವೆಂದು ಅಲ್ಲಿ ಇನ್ನೊಂದು ಪದ ಹಾಕುವವರು ಹಾಡು ಕೆಡಿಸುತ್ತಾರೆ. ತೆಂಗಿನ ನೀರನ್ನು ಪನ್ನೀರು ಮಾಡುವುದೂ ಬೇಡ.

ಕನ್ನಡ ಬಾರದವರೊಬ್ಬರಿಂದ ಗಟ್ಟಿಯಾಗಿ ಓದಿಸಿ, ನೀವು ಕೈಯಾಡಿಸುತ್ತಿರಿ. ಒತ್ತು ನಿಮ್ಮ ಕೈಯೊಂದಿಗೆ ಬೀಳದ ಕಡೆ ಪದ ಬದಲಿಸಿ. ‘ಜೋ ಜೋ’ ಸೇರಿಸುವುದಿದ್ದರೆ ಅನುವಾದಿಸಬೇಡಿ, ಹಾಗೇ ಇಡಿ. ಆದರೆ ಸಣ್ಣ ಅಕ್ಷರದಲ್ಲಿ, ನಡುವೆ ಅಡ್ಡಗೆರೆ ಹಾಕಿ ಬರೆಯಿರಿ. ದೊಡ್ಡಕ್ಷರದಲ್ಲಿ ಬರೆದರೆ ಇಂಗ್ಲಿಷ್ ಓದುಗರಿಗೆ ಅದು ಯಾರದೋ ಹೆಸರಾಗಿ ಕಾಣುತ್ತದೆ.