ಮಕ್ಕಳ ಜೊತೆ ರಾತ್ರಿ ರೈಲಿನಲ್ಲಿ ಹೋಗಿ, ಆರು ಗಂಟೆ ಲೇಓವರ್ ಇದ್ದ ವಿಮಾನದಲ್ಲಿ ಬಂದೆವು

ಈ ಸಲದ ಪ್ರವಾಸಕ್ಕೆ ನೇರ ವಿಮಾನದ ಟಿಕೆಟ್ ನಮ್ಮ ಕೈಗೆ ಎಟಕುವ ಹಾಗಿರಲಿಲ್ಲ. ಉಳಿದಿದ್ದು ಎರಡೇ ದಾರಿ. ಒಂದು ರಾತ್ರಿ ರೈಲು, ಇನ್ನೊಂದು ನಡುವೆ ಆರು ಗಂಟೆ ಕಾಯಬೇಕಾದ ವಿಮಾನ. ನಾಲ್ಕೂ ಜನಕ್ಕೆ ಸೇರಿ ರೈಲಿನ ಖರ್ಚು ಆ ವಿಮಾನದ ಮೂರನೇ ಒಂದು ಭಾಗದಷ್ಟೇ ಇತ್ತು. ಎರಡೂ ಕಡೆ ರೈಲೇ ಅಂತ ಅಂದುಕೊಂಡೆವು. ಆದರೆ ವಾಪಸ್ ಬರುವ ದಿನ ಕೆಳಗಿನ ಬರ್ತ್ ಒಂದೂ ಉಳಿದಿರಲಿಲ್ಲ. ದೊಡ್ಡವನಿಗೆ ನಾಲ್ಕೂವರೆ ವರ್ಷ, ಚಿಕ್ಕವಳಿಗೆ ಒಂದೂವರೆ. ಇವರನ್ನು ಮೇಲಿನ ಬರ್ತಿನಲ್ಲಿ ಮಲಗಿಸುವ ಮಾತೇ ಇಲ್ಲ. ಹಾಗಾಗಿ ಹೋಗುವಾಗ ರೈಲು, ಬರುವಾಗ ವಿಮಾನ ಅಂತಾಯಿತು.

ಟಿಕೆಟ್ ಮಾಡುವಾಗ ನಾನು ನೋಡಿದ್ದು ಒಟ್ಟು ಎಷ್ಟು ಗಂಟೆ ಅಂತ ಮಾತ್ರ. ಮನೆಯಿಂದ ರೂಮಿನ ಬಾಗಿಲವರೆಗೆ ರೈಲಿಗೆ ಹದಿನೈದೂವರೆ ಗಂಟೆ ಆಯಿತು. ವಾಪಸ್ ಬರುವಾಗ ಹದಿಮೂರೂವರೆ. ಲೆಕ್ಕದಲ್ಲಿ ವಿಮಾನವೇ ಗೆದ್ದಿತು. ಆದರೆ ಮನೆಗೆ ಬಂದ ಮೇಲೆ ಎರಡು ದಿನ ಮಕ್ಕಳು ಸುಧಾರಿಸಿಕೊಳ್ಳಲಿಲ್ಲ. ಹೋದ ದಿನ ಮಾತ್ರ ಮಧ್ಯಾಹ್ನವೇ ಆಟಕ್ಕೆ ಇಳಿದಿದ್ದರು. ಯಾಕೆ ಅಂತ ಕೂತು ಲೆಕ್ಕ ಹಾಕಿದೆ. ನಾನು ಎಣಿಸಬೇಕಿದ್ದದ್ದು ಮಕ್ಕಳು ಎಚ್ಚರವಾಗಿದ್ದ ಗಂಟೆಗಳನ್ನು.

ರೈಲು ಹೊರಟಿದ್ದು ರಾತ್ರಿ 8:40ಕ್ಕೆ. ನಮ್ಮ ಮಕ್ಕಳು ಮಲಗುವುದು ಎಂಟೂವರೆಗೆ. ಇಬ್ಬರಿಗೂ ಮನೆಯಲ್ಲೇ ಊಟ ಮಾಡಿಸಿ, ರಾತ್ರಿ ಬಟ್ಟೆ ಹಾಕಿಯೇ ಕರೆದುಕೊಂಡು ಹೋಗಿದ್ದೆವು. ಒಂಬತ್ತೂವರೆಗೆ ಇಬ್ಬರೂ ನಿದ್ದೆ ಹೋದರು, ಎದ್ದಿದ್ದು ಬೆಳಗ್ಗೆ ಆರೂವರೆಗೆ. ಹದಿನೈದೂವರೆ ಗಂಟೆಯಲ್ಲಿ ಒಂಬತ್ತು ಗಂಟೆ ನಿದ್ದೆ. ಅಂದರೆ ನಾವು ಅವರನ್ನು ಸಂಭಾಳಿಸಿದ್ದು ಆರೂವರೆ ಗಂಟೆ ಮಾತ್ರ. ಇದೇ ರೈಲು ರಾತ್ರಿ ಹನ್ನೊಂದೂವರೆಗೆ ಹೊರಡುವಂತಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ನಿದ್ದೆಗಣ್ಣಿನ ಮಕ್ಕಳನ್ನು ಪ್ಲಾಟ್‌ಫಾರ್ಮಿನಲ್ಲಿ ಹೆಗಲ ಮೇಲೆ ಹಾಕಿಕೊಂಡು ನಿಲ್ಲಬೇಕಿತ್ತು. ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ ಅನ್ನುವುದು ಟಿಕೆಟ್ ದರಕ್ಕಿಂತ ಮುಖ್ಯ ಅಂತ ನನಗೆ ಅನಿಸಿದ್ದು ಅದಕ್ಕೇ.

ನನಗೆ ಹೆದರಿಕೆ ಇದ್ದದ್ದು ಮಕ್ಕಳು ಬರ್ತಿನಿಂದ ಬೀಳುತ್ತಾರೆ ಅಂತ. ಎದುರುಬದುರಾಗಿ ಎರಡು ಕೆಳಗಿನ ಬರ್ತ್ ಸಿಕ್ಕಿದ್ದವು. ಒಂದರಲ್ಲಿ ಚಿಕ್ಕವಳನ್ನು ಗೋಡೆ ಕಡೆಗೆ ಮಲಗಿಸಿ ಹೊರಗಡೆ ನಾನು ಮಲಗಿದೆ. ಇನ್ನೊಂದರಲ್ಲಿ ದೊಡ್ಡವನು ಒಬ್ಬನೇ. ಅವನ ಬರ್ತಿನ ಹೊರ ಅಂಚಿಗೆ ಒಂದು ಹೊದಿಕೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಉದ್ದಕ್ಕೆ ಇಟ್ಟು, ಅದರ ಮೇಲೆ ಹಾಸುವ ಬಟ್ಟೆ ಹಾಸಿದೆ. ಹೊಲದ ಬದುವಿನ ಹಾಗೆ ಒಂದು ಏರು ಆಯಿತು. ಮಗು ಹೊರಳಿ ಬಂದರೂ ಅಲ್ಲಿಗೆ ತಾಗಿ ವಾಪಸ್ ತಿರುಗುತ್ತದೆ. ಹೊದಿಕೆಯನ್ನು ಬಟ್ಟೆಯ ಮೇಲೆ ಸುಮ್ನೆ ಇಟ್ಟರೆ ಪ್ರಯೋಜನವಿಲ್ಲ, ಜಾರಿ ಕೆಳಗೆ ಬೀಳುತ್ತದೆ. ಬಟ್ಟೆಯ ಅಡಿಯಲ್ಲೇ ಇರಬೇಕು. ಜೊತೆಗೆ ನೆಲದ ಮೇಲೆ, ಬರ್ತಿಗೆ ಒತ್ತಿಕೊಂಡ ಹಾಗೆ, ಬಟ್ಟೆ ತುಂಬಿದ ಮೆತ್ತನೆಯ ಬ್ಯಾಗುಗಳನ್ನು ಸಾಲಾಗಿ ಇಟ್ಟೆ. ರಾತ್ರಿ ಎರಡು ಸಲ ಅವನು ಆ ಬದುವಿಗೆ ಬಂದು ತಾಗಿದ್ದನ್ನು ನೋಡಿದೆ, ಬೀಳಲಿಲ್ಲ.

ನನಗೆ ನಿದ್ದೆ ಬಂತಾ ಅಂದರೆ, ಇಲ್ಲ. ಅಷ್ಟು ಕಿರಿದಾದ ಜಾಗದಲ್ಲಿ ಮಗುವಿನ ಜೊತೆ ಮಗ್ಗುಲು ಬದಲಿಸಲೂ ಆಗುವುದಿಲ್ಲ. ಎರಡು ಗಂಟೆಗೆ ನಮ್ಮವರು ಮೇಲಿನ ಬರ್ತಿನಿಂದ ಇಳಿದು ಬಂದು ನನ್ನ ಜಾಗ ತಗೊಂಡರು. ಆಮೇಲೆ ಮೂರು ಗಂಟೆ ಮಲಗಿದೆ. ರಾತ್ರಿ ರೈಲಿನಲ್ಲಿ ಮಕ್ಕಳ ನಿದ್ದೆಗೆ ಬೆಲೆ ಕಟ್ಟುವುದು ದೊಡ್ಡವರ ನಿದ್ದೆಯಿಂದ, ಇದನ್ನು ತಿಳಿದೇ ಹೊರಡಬೇಕು. ಇಬ್ಬರು ದೊಡ್ಡವರಿದ್ದರೆ ಪಾಳಿ ಹಾಕಿಕೊಳ್ಳಬಹುದು. ಒಬ್ಬರೇ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ನಾನು ರೈಲು ಹೇಳುವುದಿಲ್ಲ. ಶೌಚಾಲಯಕ್ಕೆ ಹೋಗಬೇಕಾದರೂ ಮಕ್ಕಳನ್ನು ಯಾರಿಗೆ ಬಿಟ್ಟು ಹೋಗುವುದು?

ರೈಲು ಒಂದು ಗಂಟೆ ತಡವಾಯಿತು. ಅದರಿಂದ ತೊಂದರೆಯಾಗಲಿಲ್ಲ, ಯಾಕೆಂದರೆ ಅಲ್ಲಿಂದ ಮುಂದೆ ಹಿಡಿಯಬೇಕಾದ ಇನ್ನೊಂದು ಗಾಡಿ ಇರಲಿಲ್ಲ. ರೂಮ್ ಮಧ್ಯಾಹ್ನ ಕೊಡುವ ಪದ್ಧತಿ ಇತ್ತು. ಮೊದಲೇ ಕೇಳಿಕೊಂಡಿದ್ದರಿಂದ ಬೆಳಗ್ಗೆಯೇ ಬಿಟ್ಟುಕೊಟ್ಟರು.

ಈಗ ವಿಮಾನ. ಮಧ್ಯಾಹ್ನ 2ಕ್ಕೆ ಮೊದಲನೆಯದು, 3:30ಕ್ಕೆ ಇಳಿಯಿತು. ಎರಡನೆಯದು ರಾತ್ರಿ 9:30ಕ್ಕೆ. ಆರು ಗಂಟೆ ಬಿಡುವು ಅಂದರೆ ಮಕ್ಕಳು ಎಲ್ಲೋ ಒಂದು ಮೂಲೆಯಲ್ಲಿ ಮಲಗಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ಇಳಿದ ಮೇಲೆ ನಾವು ಇಳಿದು, ಡೈಪರ್ ಬದಲಿಸಿ, ಮತ್ತೊಮ್ಮೆ ಭದ್ರತಾ ತಪಾಸಣೆ ಮುಗಿಸುವಷ್ಟರಲ್ಲಿ 4:45. ಎಂಟೂವರೆಗೆ ಗೇಟ್ ಹತ್ತಿರ ಇರಬೇಕು. ಕೈಗೆ ಸಿಕ್ಕಿದ್ದು ನಾಲ್ಕು ಗಂಟೆಗಿಂತ ಕಡಿಮೆ. ಅದೂ ಸಂಜೆ ಹೊತ್ತು, ಮಕ್ಕಳು ಮಲಗುವ ಹೊತ್ತೇ ಅಲ್ಲ. ಅವರಿಗೆ ನಿದ್ದೆ ಬಂದದ್ದು ಎಂಟೂವರೆಗೆ, ಸರಿಯಾಗಿ ಗೇಟಿನ ಮುಂದೆ ಸಾಲು ನಿಲ್ಲುವಾಗ.

ಸ್ಟ್ರೋಲರ್ ಇಲ್ಲದ್ದು ಇನ್ನೂ ಕಷ್ಟವಾಯಿತು. ಮೊದಲ ವಿಮಾನದ ಬಾಗಿಲಲ್ಲಿ ಅದನ್ನು ಕೊಟ್ಟಿದ್ದೆವು, ಇಳಿದ ಕೂಡಲೇ ಕೊಡುತ್ತಾರೆ ಅಂತ ನಂಬಿದ್ದೆವು. ಅದಕ್ಕೆ ಹಾಕಿದ್ದ ಚೀಟಿಯಲ್ಲಿ ಕೊನೆಯ ಊರಿನ ಕೋಡ್ ಇತ್ತು, ನಾವು ನೋಡಿರಲಿಲ್ಲ. ಸ್ಟ್ರೋಲರ್ ದೊಡ್ಡ ಲಗೇಜಿನ ಜೊತೆ ನೇರ ಮುಂದಕ್ಕೆ ಹೋಯಿತು. ಹನ್ನೊಂದು ಕಿಲೋ ಮಗುವನ್ನು ಸಂಜೆಯೆಲ್ಲಾ ಎತ್ತಿಕೊಂಡು ತಿರುಗಿದೆವು. ಚೀಟಿ ಅಂಟಿಸುವಾಗಲೇ "ನಡುವೆ ಇಳಿಯುವಲ್ಲಿ ಬಾಗಿಲ ಹತ್ತಿರ ಬೇಕು" ಅಂತ ಹೇಳಿ, ಚೀಟಿಯ ಮೇಲಿನ ಮೂರು ಅಕ್ಷರ ಓದಿ ನೋಡಬೇಕಿತ್ತು.

ಇನ್ನೊಂದು ತೊಂದರೆ ಕಿವಿನೋವು. ಚಿಕ್ಕವಳು ಮಲಗುವುದು ಮಧ್ಯಾಹ್ನ ಒಂದಕ್ಕೆ. ಅವತ್ತು ಆ ಹೊತ್ತೆಲ್ಲಾ ಸಾಲಿನಲ್ಲೇ ಕಳೆದು, ಅವಳಿಗೆ ನಿದ್ದೆ ಹತ್ತಿದ್ದು 2:50ಕ್ಕೆ. ಅಷ್ಟರಲ್ಲಿ ವಿಮಾನ ಇಳಿಯಲು ಶುರು ಮಾಡಿತು. ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಹೆಚ್ಚಾಗುತ್ತದೆ. ನುಂಗಿದಾಗ ಕಿವಿಯಿಂದ ಗಂಟಲಿಗೆ ಹೋಗುವ ಸಣ್ಣ ನಾಳ ತೆರೆದು ಅದು ಸಮವಾಗುತ್ತದೆ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಎಬ್ಬಿಸುವುದು ಬೇಡ ಅಂತ ಬಿಟ್ಟೆ. ಇಪ್ಪತ್ತು ನಿಮಿಷಕ್ಕೆ ಚೀರುತ್ತಾ ಎದ್ದಳು, ಇಳಿಯುವವರೆಗೂ ಕಿವಿ ಎಳೆದುಕೊಳ್ಳುತ್ತಿದ್ದಳು. ಎರಡನೇ ವಿಮಾನದಲ್ಲಿ ಇಳಿಯುವ ಅರ್ಧ ಗಂಟೆ ಮುಂಚೆಯೇ ಎಬ್ಬಿಸಿ ಹಾಲು ಕುಡಿಸಿದೆ. ಅಳಲಿಲ್ಲ, ಆದರೆ ಮಲಗಿದ್ದ ಮಗುವನ್ನು ರಾತ್ರಿ 10:20ಕ್ಕೆ ಎಬ್ಬಿಸಿದಂತಾಯಿತು. ನಡುವೆ ನಿಲ್ಲುವ ವಿಮಾನದಲ್ಲಿ ಹೀಗೆ ಇಳಿಯುವುದು ಎರಡು ಸಲ ಅಲ್ವಾ?

ಮನೆ ಸೇರಿದಾಗ ಹನ್ನೆರಡೂವರೆ. ಹದಿಮೂರೂವರೆ ಗಂಟೆಯಲ್ಲಿ ದೊಡ್ಡವನು ಎರಡನೇ ವಿಮಾನದಲ್ಲಿ, ಆಮೇಲೆ ಕಾರಿನಲ್ಲಿ ಅಂತ ಸೇರಿಸಿದರೂ ನಿದ್ದೆ ಮಾಡಿದ್ದು ಎರಡು ಗಂಟೆಯೂ ಇಲ್ಲ. ಎಚ್ಚರವಾಗಿದ್ದದ್ದು ಹನ್ನೊಂದೂವರೆ ಗಂಟೆಗಿಂತ ಜಾಸ್ತಿ. ರೈಲಿನಲ್ಲಿ ಆರೂವರೆ.

ಲೇಓವರ್ ಎರಡು ಎರಡೂವರೆ ಗಂಟೆಯದ್ದಾಗಿ, ಎರಡೂ ವಿಮಾನ ಒಂದೇ ಬುಕಿಂಗಿನಲ್ಲಿದ್ದು, ಬೆಳಗ್ಗೆ ಹೊರಟು ಮಧ್ಯಾಹ್ನದ ನಿದ್ದೆಗೆ ಮನೆ ಸೇರುವಂತಿದ್ದರೆ ನಾನು ಈಗಲೂ ವಿಮಾನ ನೋಡುತ್ತೇನೆ. ಬೇರೆ ಬೇರೆ ಬುಕಿಂಗ್ ಮಾಡಿದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ಮೊದಲನೆಯದು ತಡವಾದರೆ ಎರಡನೆಯವರು ಸಾಮಾನ್ಯವಾಗಿ ಜವಾಬ್ದಾರಿ ತಗೊಳ್ಳುವುದಿಲ್ಲ, ಲಗೇಜನ್ನೂ ನಾವೇ ತೆಗೆದು ಮತ್ತೆ ಕೊಡಬೇಕಾಗುತ್ತದೆ. ಮುಂದಿನ ಪ್ರವಾಸಕ್ಕೆ ಎರಡೂ ಕಡೆ ರೈಲನ್ನೇ ಬುಕ್ ಮಾಡಿದ್ದೇನೆ. ವಾಪಸ್ ಬರುವ ಟಿಕೆಟನ್ನು ಮೊದಲು ಮಾಡಿದೆ, ಕೆಳಗಿನ ಎರಡು ಬರ್ತ್ ಇದ್ದ ದಿನ ನೋಡಿ ಪ್ರವಾಸವನ್ನೇ ಒಂದು ದಿನ ಹಿಂದಕ್ಕೆ ತಂದೆವು.