ಬ್ಲೌಸ್ ಹೊಲಿಯುವವರಿಗೆ: ದರಪಟ್ಟಿಯನ್ನು ಒಮ್ಮೆ ಬರೆದಿಟ್ಟುಕೊಳ್ಳಿ

ಮಲ್ಲೇಶ್ವರ, ಜಯನಗರದ ಕಡೆ ಮನೆಯಲ್ಲೇ ಹೊಲಿಯುವ ಅನೇಕರು "ಬ್ಲೌಸಿಗೆ ಎಷ್ಟು?" ಎಂದು ಕೇಳಿದವರಿಗೆಲ್ಲ ಮೊದಲಿನಿಂದ ಟೈಪ್ ಮಾಡುತ್ತಾರೆ. ಉತ್ತರ ತಡವಾದರೆ ಗಿರಾಕಿ ಬೇರೆಯವರನ್ನು ವಿಚಾರಿಸುತ್ತಾರೆ.

ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ Quick replies ಎಂಬ ಸೌಲಭ್ಯವಿದೆ. ಅದರಲ್ಲಿ ದರಪಟ್ಟಿಯನ್ನು ಬರೆದಿಟ್ಟು `/dara` ಎಂಬ ಗುರುತು ಕೊಡಿ. ಚಾಟ್‌ನಲ್ಲಿ ಅದನ್ನು ಟೈಪ್ ಮಾಡಿ ಆರಿಸಿದರೆ ಪೂರ್ತಿ ಪಟ್ಟಿ ಬರುತ್ತದೆ. ದರವನ್ನು ಚಿತ್ರವಾಗಿಸದೆ ಅಕ್ಷರದಲ್ಲೇ ಇಡಿ, ತಿದ್ದುವುದು ಸುಲಭ. ಚಿತ್ರಗಳು ಕತ್ತಿನ ವಿನ್ಯಾಸ ತೋರಿಸಲು ಸಾಕು.

ಉದಾಹರಣೆಗೆ ಹೀಗೆ ಬರೆಯಬಹುದು:

ಲೈನಿಂಗ್ ಬ್ಲೌಸ್: ₹650, ಲೈನಿಂಗ್ ಬಟ್ಟೆ ನಮ್ಮದು
ಫಾಲ್, ಜಿಗ್‌ಜ್ಯಾಗ್: ₹150, ಫಾಲ್ ಸೇರಿ
ಸೀರೆ ಕುಚ್ಚು: ₹400ರಿಂದ ₹900
7 ದಿನ ಬೇಕು. 3 ದಿನದಲ್ಲಿ ಬೇಕಾದರೆ ಬ್ಲೌಸಿಗೆ ₹200 ಹೆಚ್ಚು

ಜಗಳ ಹುಟ್ಟುವುದು "ಬಟ್ಟೆ ನಮ್ಮದು" ಎಂಬಂಥ ಮಾತು ಇಲ್ಲದಿದ್ದಾಗ. ಲೈನಿಂಗ್ ಸೇರಿದೆಯೆಂದು ಗಿರಾಕಿ ನಂಬಿರುತ್ತಾರೆ, ನೀವು ಕೊನೆಗೆ ಕೂಡಿಸುತ್ತೀರಿ. ಕುಚ್ಚಿಗೆ "₹400ರಿಂದ" ಎಂದಷ್ಟೇ ಬರೆದರೆ ಎಲ್ಲರ ಮನಸ್ಸಿನಲ್ಲೂ 400 ಮಾತ್ರ ನಿಲ್ಲುತ್ತದೆ. ಮೇಲಿನ ಮಿತಿಯನ್ನೂ ಕೊಡಿ. ಕೈಕಸೂತಿಗೆ ಮಾತ್ರ ದರ ಬರೆಯಬೇಡಿ, "ವಿನ್ಯಾಸ ನೋಡಿ ಹೇಳುತ್ತೇವೆ" ಎನ್ನಿ.

ಪಟ್ಟಿಯ ತುದಿಯಲ್ಲಿ "ಈ ದರ ಇಂಥ ತಿಂಗಳವರೆಗೆ" ಎಂದು ಖಂಡಿತ ಹಾಕಿ. ಗಿರಾಕಿಗಳು ಇದನ್ನು ನೆಂಟರಿಗೆ ಕಳುಹಿಸುತ್ತಾರೆ. ವರ್ಷದ ಬಳಿಕ ಅದೇ ಹಳೆಯ ದರ ಹಿಡಿದು ಯಾರಾದರೂ ಬಂದೇ ಬರುತ್ತಾರೆ.